ನೂರು ದಾಟಿತು ಸರಿ, ದಾಟಿಸಿದವರು ಎಷ್ಟು ಜನ?

ಒಂದು ಷೇರು ತಿಂಗಳುಗಟ್ಟಲೆ 92 ರೂಪಾಯಿಗೂ 100 ರೂಪಾಯಿಗೂ ನಡುವೆ ಓಲಾಡುತ್ತಿದೆ ಎಂದುಕೊಳ್ಳಿ. ನೂರರ ಹತ್ತಿರ ಬಂದಾಗಲೆಲ್ಲ ಮಾರುವವರು ಕಾದು ಕೂತಿರುತ್ತಾರೆ, ಬೆಲೆ ಹಿಂದಕ್ಕೆ ಬರುತ್ತದೆ. ಒಂದು ದಿನ ಅದು 104ಕ್ಕೆ ಮುಗಿಯುತ್ತದೆ. ಇದನ್ನೇ ಬ್ರೇಕೌಟ್ ಅನ್ನುವುದು. ಚಾರ್ಟಿನಲ್ಲಿ ಹಸಿರು ಕ್ಯಾಂಡಲ್ ಕಂಡ ಕೂಡಲೇ ಕೊಳ್ಳಲು ಕೈ ತುರಿಸುತ್ತದೆ. ಆದರೆ ಆ ಕ್ಯಾಂಡಲ್ ಹೇಳುವುದು ಬೆಲೆಯನ್ನು ಮಾತ್ರ. ಮಾರುವವರೇ ಇಲ್ಲದ ದಿನ ನಾಲ್ಕೈದು ಆರ್ಡರುಗಳು ಕೂಡ ಬೆಲೆಯನ್ನು ನಾಲ್ಕು ರೂಪಾಯಿ ಮೇಲೆತ್ತಬಲ್ಲವು. ನೂರರ ಗೋಡೆ ಒಡೆದದ್ದು ಜನ ನುಗ್ಗಿದ್ದರಿಂದಲೋ, ಕಾವಲುಗಾರ ಊಟಕ್ಕೆ ಹೋಗಿದ್ದರಿಂದಲೋ ತಿಳಿಯಲು ವಾಲ್ಯೂಮ್, ಅಂದರೆ ಆ ದಿನ ಎಷ್ಟು ಷೇರು ಕೈ ಬದಲಾದವು ಎಂಬುದನ್ನು ನೋಡಬೇಕು.

ಇದಕ್ಕೆ ಎರಡು ಅಳತೆಗಳಿವೆ. ಮೊದಲನೆಯದು ರಿಲೇಟಿವ್ ವಾಲ್ಯೂಮ್: ಇವತ್ತಿನ ವಾಲ್ಯೂಮನ್ನು ಮಾಮೂಲಿ ದಿನದ ವಾಲ್ಯೂಮಿನಿಂದ ಭಾಗಿಸುವುದು, ಅಷ್ಟೇ. ಎರಡನೆಯದು ವಾಲ್ಯೂಮ್ ವೆಯ್ಟೆಡ್ ಮೂವಿಂಗ್ ಆವರೇಜ್. ಅಡಿಕೆ ಮಾರಿದವರಿಗೆ ಇದರ ಲೆಕ್ಕ ಹೊಸದಲ್ಲ. ಒಂದು ದರಕ್ಕೆ ಎರಡು ಕ್ವಿಂಟಲ್, ಇನ್ನೊಂದು ದರಕ್ಕೆ ಹತ್ತು ಕ್ವಿಂಟಲ್ ಮಾರಿದರೆ ಸರಾಸರಿ ಎಷ್ಟು ಸಿಕ್ಕಿತು ಎನ್ನಲು ಎರಡು ದರ ಕೂಡಿಸಿ ಅರ್ಧ ಮಾಡುವುದಿಲ್ಲ. ಹತ್ತು ಕ್ವಿಂಟಲಿನ ದರಕ್ಕೇ ಹೆಚ್ಚು ತೂಕ. ಇಲ್ಲಿಯೂ ಪ್ರತಿ ದಿನದ ಬೆಲೆಗೆ ಆ ದಿನದ ವಾಲ್ಯೂಮಿನಷ್ಟು ತೂಕ.

ಐದೇ ದಿನಗಳ ಲೆಕ್ಕ ಮಾಡೋಣ. ಮುಕ್ತಾಯದ ಬೆಲೆಗಳು 96, 98, 97, 99, ಕೊನೆಗೆ 104. ಸಾದಾ ಸರಾಸರಿ 98.80. ಮೊದಲ ನಾಲ್ಕು ದಿನ ತಲಾ 2 ಲಕ್ಷ ಷೇರು ಕೈ ಬದಲಾಗಿ, ಬ್ರೇಕೌಟ್ ದಿನ 8 ಲಕ್ಷವಾಗಿದ್ದರೆ ವಾಲ್ಯೂಮ್ ಸರಾಸರಿ 100.75ಕ್ಕೆ ಏರುತ್ತದೆ. ಅದೇ ಬ್ರೇಕೌಟ್ ದಿನ ಬರೀ 1 ಲಕ್ಷವಾಗಿದ್ದರೆ 98.22. ಚಾರ್ಟಿನ ಮೇಲೆ ಎರಡೂ ಷೇರುಗಳ ಬೆಲೆ ಒಂದೇ ಥರ ಕಾಣುತ್ತದೆ. ಒಂದರಲ್ಲಿ ವಾಲ್ಯೂಮ್ ಗೆರೆ ಸಾದಾ ಗೆರೆಯ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ.

ಆದ್ದರಿಂದ ಈ ಗೆರೆಯನ್ನು ಒಂಟಿಯಾಗಿ ನೋಡುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅಷ್ಟೇ ದಿನಗಳ ಸಾದಾ ಸರಾಸರಿಯನ್ನು ಪಕ್ಕದಲ್ಲಿಟ್ಟು ಎರಡರ ಅಂತರ ನೋಡಬೇಕು. ಬೆಲೆ ಹೆಚ್ಚಿದ್ದ ದಿನಗಳಲ್ಲೇ ವಾಲ್ಯೂಮೂ ಹೆಚ್ಚಿದ್ದರೆ ಅಂತರ ಧನ, ಬೆಲೆ ತಗ್ಗಿದ ದಿನಗಳಲ್ಲಿ ವಾಲ್ಯೂಮ್ ಹೆಚ್ಚಿದ್ದರೆ ಋಣ, ಎರಡಕ್ಕೂ ನಂಟಿಲ್ಲದಿದ್ದರೆ ಸೊನ್ನೆಯ ಹತ್ತಿರ. ಸಂಖ್ಯಾಶಾಸ್ತ್ರದಲ್ಲಿ ಬೆಲೆ ಮತ್ತು ವಾಲ್ಯೂಮಿನ ಸಹವಿಚರಣೆ ಎನ್ನುವುದನ್ನು ಸರಾಸರಿ ವಾಲ್ಯೂಮಿನಿಂದ ಭಾಗಿಸಿದರೆ ಸಿಗುವುದು ಇದೇ ಅಂತರ.

ಹಾಗಾದರೆ ರಿಲೇಟಿವ್ ವಾಲ್ಯೂಮ್ ಒಂದೇ ಸಾಲದೇ? ಸಾಲದು, ಏಕೆಂದರೆ ಅದು ಒಂದು ದಿನವನ್ನು ಮಾತ್ರ ನೋಡುತ್ತದೆ. ಮೇಲಿನ ಬೆಲೆಗಳನ್ನೇ ಇಟ್ಟುಕೊಂಡು ಇನ್ನೊಂದು ಕಥೆ ನೋಡಿ: ಬೆಲೆ 96ಕ್ಕೆ ಕುಸಿದ ದಿನ 8 ಲಕ್ಷ, ನಡುವಿನ ಮೂರು ದಿನ ತಲಾ 2 ಲಕ್ಷ, ಬ್ರೇಕೌಟ್ ದಿನ 4 ಲಕ್ಷ. ಮಾಮೂಲಿ 2 ಲಕ್ಷದ ಷೇರಿನಲ್ಲಿ 4 ಲಕ್ಷ ಎಂದರೆ ದುಪ್ಪಟ್ಟು, ಖುಷಿಪಡಬಹುದು. ಆದರೆ ವಾಲ್ಯೂಮ್ ಸರಾಸರಿ 98.44, ಇನ್ನೂ ಸಾದಾ ಸರಾಸರಿಯ ಕೆಳಗೇ. ಆ ವಾರದ ದೊಡ್ಡ ವ್ಯಾಪಾರ ನಡೆದದ್ದು ಏರಿಕೆಯಲ್ಲಲ್ಲ, ಇಳಿತದಲ್ಲಿ. ಆವತ್ತು ಮಾರಿದವರ ಬಳಿ ಸರಕು ಇನ್ನೂ ಉಳಿದಿದ್ದರೆ 104 ಅವರಿಗೆ ಹಬ್ಬ. ಸರಕೆಲ್ಲ ಆವತ್ತೇ ಖಾಲಿಯಾಗಿದ್ದರೂ ಇರಬಹುದು. ಅದನ್ನು ಗೆರೆ ಹೇಳಲಾರದು. ನಾನಾದರೆ ಇಂಥ ಷೇರಿನಲ್ಲಿ ಇನ್ನೆರಡು ದಿನ ಕಾಯುತ್ತೇನೆ.

ಸ್ಪ್ರೆಡ್‌ಶೀಟಿನಲ್ಲಿ 20 ದಿನಗಳ ಲೆಕ್ಕ ಹೀಗೆ. C ಕಾಲಮಿನಲ್ಲಿ ಬೆಲೆ, D ಕಾಲಮಿನಲ್ಲಿ ವಾಲ್ಯೂಮ್, 22ನೇ ಸಾಲು ಇವತ್ತಿನದು:

```
=SUMPRODUCT(C3:C22,D3:D22)/SUM(D3:D22)
=D22/AVERAGE(D2:D21)
```

ಎರಡನೆಯ ಸಾಲಿನಲ್ಲಿ ಭಾಜಕ 21ಕ್ಕೇ ನಿಂತಿದೆ, ಗಮನಿಸಿ. ಇವತ್ತಿನ ವಾಲ್ಯೂಮನ್ನು ಮಾಮೂಲಿಯ ಲೆಕ್ಕದಲ್ಲಿ ಸೇರಿಸಬಾರದು. ಸೇರಿಸಿದರೆ ಅದು ತನ್ನನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ: ನಮ್ಮ ಐದು ದಿನಗಳ ಮೊದಲ ಉದಾಹರಣೆಯಲ್ಲಿ 4 ಪಟ್ಟು ಇದ್ದದ್ದು 2.5 ಆಗುತ್ತದೆ. ಅಷ್ಟೇ ಅಲ್ಲ, ಹಾಗೆ ಮಾಡಿದರೆ ಊರಿಗೆ ಊರೇ ಬಂದು ಕೊಂಡರೂ ಉತ್ತರ 5ನ್ನು ದಾಟದು. ದೀಪಾವಳಿಯ ಮುಹೂರ್ತ ವಹಿವಾಟಿನ ಒಂದು ಗಂಟೆಯನ್ನೂ ಪೂರ್ತಿ ದಿನವೆಂದು ಎಣಿಸದೆ ತೆಗೆದುಹಾಕುವುದು ಒಳ್ಳೆಯದು. ಷೇರು ವಿಭಜನೆಯಾಗಿದ್ದರೆ ಹಳೆಯ ವಾಲ್ಯೂಮನ್ನು ಹೊಸ ಎಣಿಕೆಗೆ ಹೊಂದಿಸಬೇಕು. 10 ರೂಪಾಯಿ ಮುಖಬೆಲೆಯ ಷೇರು 2 ರೂಪಾಯಿಯದಾದರೆ, ಹೊಂದಿಸದ ಪಟ್ಟಿಯಲ್ಲಿ ಮಾಮೂಲಿ ದಿನವೂ ಐದು ಪಟ್ಟಿನ ಬ್ರೇಕೌಟಿನಂತೆ ಕಾಣುತ್ತದೆ.

ದಿನದ ನಡುವೆ ನೋಡುವವರು ಬೀಳುವ ಗುಂಡಿ ಇನ್ನೊಂದಿದೆ. ಎನ್‌ಎಸ್‌ಇಯಲ್ಲಿ ಮಾಮೂಲಿ ವಹಿವಾಟು 9:15ರಿಂದ 3:30ರವರೆಗೆ, ಒಟ್ಟು 375 ನಿಮಿಷ. ಹತ್ತು ಗಂಟೆಗೆ 45 ನಿಮಿಷ ಕಳೆದಿರುತ್ತದೆ, ಅಂದರೆ ದಿನದ ಶೇ. 12. ದಿನಕ್ಕೆ ಸರಾಸರಿ 5 ಲಕ್ಷದ ಷೇರಿನಲ್ಲಿ ಅಷ್ಟು ಹೊತ್ತಿಗೆ 60 ಸಾವಿರ ಆಗಬೇಕು, 1.2 ಲಕ್ಷ ಆಗಿದೆ, ದುಪ್ಪಟ್ಟು! ಎಂದು ಲೆಕ್ಕ ಹಾಕುತ್ತಾರೆ. ಆದರೆ ವಾಲ್ಯೂಮ್ ದಿನವಿಡೀ ಸಮನಾಗಿ ಹರಿಯುವುದಿಲ್ಲ. ಬೆಳಿಗ್ಗೆ ತುಂಬಿ, ಮಧ್ಯಾಹ್ನ ಬತ್ತಿ, ಕೊನೆಗೆ ಮತ್ತೆ ಏರುತ್ತದೆ. ಆ ಷೇರಿನಲ್ಲಿ ದಿನಾ ಹತ್ತು ಗಂಟೆಗೆ 1.1 ಲಕ್ಷ ಆಗುತ್ತಿದ್ದರೆ ಇವತ್ತು ವಿಶೇಷವೇನೂ ನಡೆದಿಲ್ಲ. ಹಿಂದಿನ ದಿನಗಳ ಇದೇ ಗಳಿಗೆವರೆಗಿನ ವಾಲ್ಯೂಮಿಗೆ ಹೋಲಿಸಿದರೆ ಮಾತ್ರ ಲೆಕ್ಕ ಸರಿ.

ಇಷ್ಟೆಲ್ಲ ಆದಮೇಲೂ ವಾಲ್ಯೂಮ್ ಎಣಿಸುವುದು ಷೇರುಗಳನ್ನು, ಜನರನ್ನಲ್ಲ. ಅದೇ ಸಾವಿರ ಷೇರನ್ನು ಹತ್ತು ಸಲ ಕೊಂಡು ಮಾರಿದರೆ ಹತ್ತಾರು ಸಾವಿರದ ವಾಲ್ಯೂಮ್. ಒಬ್ಬ ದೊಡ್ಡ ಹೂಡಿಕೆದಾರ ಇನ್ನೊಬ್ಬನಿಗೆ ಒಂದೇ ಏಟಿಗೆ ಕೊಟ್ಟರೂ ಪಟ್ಟಿಯ ಕಂಬ ಎತ್ತರವೇ. ಕಂಪನಿಯ ಷೇರುಗಳ ಶೇ. 0.5ನ್ನು ಮೀರಿದ ವಹಿವಾಟನ್ನು ಬಲ್ಕ್ ಡೀಲ್ ಎಂದು ವಿನಿಮಯ ಕೇಂದ್ರ ಪ್ರಕಟಿಸುತ್ತದೆ. ಸಂಜೆ ಆ ಪಟ್ಟಿ ನೋಡಬಹುದು. ಇನ್ನೊಂದು ಸುಲಭದ ದಾರಿ, ದಿನದ ವಿವರಗಳಲ್ಲಿ ಸಿಗುವ ಟ್ರೇಡುಗಳ ಸಂಖ್ಯೆ. ದಿನಾ 2 ಲಕ್ಷ ಷೇರು 4 ಸಾವಿರ ಟ್ರೇಡುಗಳಲ್ಲಿ ಆಗುತ್ತಿದ್ದರೆ ಒಂದು ಟ್ರೇಡಿಗೆ 50 ಷೇರು. ಬ್ರೇಕೌಟ್ ದಿನದ 8 ಲಕ್ಷ 16 ಸಾವಿರ ಟ್ರೇಡುಗಳಲ್ಲಿ ಆಗಿದ್ದರೆ ಸಂತೆ ನೆರೆದಿದೆ ಎನ್ನಬಹುದು. 5 ಸಾವಿರದಲ್ಲೇ ಮುಗಿದಿದ್ದರೆ ಕೆಲವೇ ದೊಡ್ಡ ಕೈಗಳು. ಇದೂ ಪೂರ್ತಿ ನಂಬುವ ಲೆಕ್ಕವಲ್ಲ, ಏಕೆಂದರೆ ದೊಡ್ಡ ಫಂಡುಗಳ ಕಂಪ್ಯೂಟರುಗಳು ಒಂದು ಆರ್ಡರನ್ನು ಚೂರು ಚೂರು ಮಾಡಿ ಹಾಕುತ್ತವೆ. ಅದಕ್ಕೇ ಡೆಲಿವರಿ ಪ್ರಮಾಣವನ್ನೂ ನೋಡುವುದು: ಎಂಟು ಲಕ್ಷದಲ್ಲಿ ಸಂಜೆ ಮನೆಗೆ ಹೋದದ್ದು ಎಷ್ಟು, ಅಲ್ಲೇ ಮಾರಿ ಕೈತೊಳೆದದ್ದು ಎಷ್ಟು ಎಂದು.

ಬ್ರೇಕೌಟ್ ನಿಂತು ಬೆಲೆ 110ಕ್ಕೆ ಹೋಯಿತು ಎನ್ನೋಣ. ಆ 8 ಲಕ್ಷದ ದಿನ 20 ದಿನಗಳ ಕಿಟಕಿಯೊಳಗೆ ಕೂತು ವಾಲ್ಯೂಮ್ ಗೆರೆಯನ್ನು 104ರ ಕಡೆಗೆ ಎಳೆಯುತ್ತಲೇ ಇರುತ್ತದೆ. ಮರುದಿನದಿಂದಲೇ ಅದು ಮಾಮೂಲಿಯ ಲೆಕ್ಕಕ್ಕೂ ಸೇರಿ 2 ಲಕ್ಷದ ಸರಾಸರಿಯನ್ನು 2.3 ಲಕ್ಷ ಮಾಡಿರುತ್ತದೆ. ಸಂಖ್ಯೆಗಳನ್ನು ಸಾಲಾಗಿಟ್ಟು ಮಧ್ಯದ್ದನ್ನು ಹಿಡಿಯುವವರು ಈ ಉಬ್ಬರದಿಂದ ತಪ್ಪಿಸಿಕೊಳ್ಳುತ್ತಾರೆ. ಬ್ರೇಕೌಟ್ ದಿನವನ್ನು ಒಂದು ಎಂದು ಎಣಿಸಿದರೆ 21ನೇ ದಿನ ಅದು ಕಿಟಕಿಯಿಂದ ಹೊರಬೀಳುತ್ತದೆ. ಆವತ್ತು ವಾಲ್ಯೂಮ್ ಗೆರೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, ಆ ದಿನ ಆ ಷೇರನ್ನು ಯಾರೂ ಹೆಚ್ಚಾಗಿ ಕೊಂಡಿರದಿದ್ದರೂ.