ಮೂರು ಚೌಕ ಮೂಲೆ, ಒಂದು ದುಂಡು ಮೂಲೆ: ಕೋಟೆಯ ಆಕಾರ ಬದಲಿಸಿದ ಸುರಂಗಗಳು

ಇಂಗ್ಲೆಂಡಿನ ರೋಚೆಸ್ಟರ್ ಕೋಟೆಯ ದೊಡ್ಡ ಗೋಪುರದ ಫೋಟೋ ಸಿಕ್ಕರೆ ಒಮ್ಮೆ ಗಮನಿಸಿ ನೋಡಿ. ನಾಲ್ಕು ಮೂಲೆಗಳಲ್ಲಿ ಮೂರು ಚೌಕವಾಗಿವೆ, ಒಂದು ಮಾತ್ರ ದುಂಡಗಿದೆ. ನಾನು ಮೊದಲು ನೋಡಿದಾಗ ಕಟ್ಟಿದವರ ಶೋಕಿ ಅಂದುಕೊಂಡಿದ್ದೆ. ಆದರೆ ಅದು ಒಂದು ಸೋಲಿನ ಗುರುತು. ಆ ಮೂಲೆಯ ಕಥೆ ಗೊತ್ತಾದರೆ ಮಧ್ಯಯುಗದ ಕೋಟೆಗಳು ಯಾಕೆ ಹಾಗಾದವು ಅನ್ನೋದು ಅರ್ಧ ತಿಳಿದಂತೆ.

ಮುತ್ತಿಗೆ ಅಂದ ಕೂಡಲೇ ನಮಗೆ ಕಲ್ಲೆಸೆಯುವ ಯಂತ್ರ ನೆನಪಾಗುತ್ತದೆ. ನಮ್ಮ ಹೊಲದ ಏತ ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಉದ್ದನೆಯ ತೊಲೆ, ನಡುವೆ ಆಸರೆ, ಒಂದು ತುದಿಗೆ ಕವಣೆ. ಹಳೆಯ ಯಂತ್ರಗಳಲ್ಲಿ ಇನ್ನೊಂದು ತುದಿಗೆ ಹಗ್ಗ ಕಟ್ಟಿ ಜನ ಒಟ್ಟಿಗೆ ಜಗ್ಗುತ್ತಿದ್ದರು. ಮುಂದೆ ಜನರ ಬದಲು ಟನ್‌ಗಟ್ಟಲೆ ಭಾರ ತುಂಬಿದ ಪೆಟ್ಟಿಗೆ ಬಂತು. ಇದೇ ಟ್ರೆಬುಷೆ. ಪ್ರತಿ ಸಲವೂ ಬೀಳುವ ಭಾರ ಒಂದೇ ಆದ್ದರಿಂದ ಕಲ್ಲು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಡಿಯುತ್ತಿತ್ತು. ಗೋಡೆಯ ಮೇಲಿನ ತೆನೆಗಳು, ಮರದ ಅಟ್ಟಗಳು, ಒಳಗಿನ ಮನೆಗಳ ಮಾಡು ಇದಕ್ಕೆ ಪುಡಿಯಾಗುತ್ತಿದ್ದವು. ಆದರೆ ದಪ್ಪ ಗೋಡೆಯ ಬುಡವನ್ನು ಕಲ್ಲೆಸೆದೇ ಬೀಳಿಸುವುದು ಕಷ್ಟ. ಆ ಕೆಲಸಕ್ಕೆ ಬರುತ್ತಿದ್ದುದು ಪಿಕಾಸಿ.

ಈಗ ರೋಚೆಸ್ಟರ್‌ಗೆ ಬರೋಣ. 1215ರಲ್ಲಿ ರಾಜ ಜಾನ್ ವಿರುದ್ಧ ಬಂಡೆದ್ದ ಸರದಾರರು ಈ ಕೋಟೆ ಹಿಡಿದುಕೊಂಡರು. ಅಕ್ಟೋಬರ್‌ನಲ್ಲಿ ಜಾನ್ ಮುತ್ತಿಗೆ ಹಾಕಿದ. ಐದು ಯಂತ್ರಗಳು ಹಗಲೂ ರಾತ್ರಿ ಕಲ್ಲೆಸೆದವು. ಗೋಪುರ ಜಗ್ಗಲಿಲ್ಲ. ಸುಮಾರು 34 ಮೀಟರ್ ಎತ್ತರ, ಮೂರು ಮೀಟರಿಗೂ ಹೆಚ್ಚು ದಪ್ಪದ ಗೋಡೆ, ಸುಮ್ನೆ ಅಲ್ಲ. ಜಾನ್‌ಗೆ ಇದರ ಅಂದಾಜು ಮೊದಲೇ ಇದ್ದಿರಬೇಕು. ಹಗಲಿರುಳು ಪಿಕಾಸಿ ಮಾಡಿಸಿ ಕಳಿಸಿ ಎಂದು ಶುರುವಿನಲ್ಲೇ ಕ್ಯಾಂಟರ್ಬರಿಗೆ ಆಜ್ಞೆ ಹೋಗಿತ್ತು.

ಸುರಂಗದ ಕೆಲಸ ಹೀಗೆ ನಡೆಯುತ್ತದೆ. ಗೋಡೆಯ ಬುನಾದಿಯ ಕೆಳಗೆ ಮಣ್ಣು ಅಗೆಯುತ್ತಾ ಹೋಗಬೇಕು. ಅಗೆದಷ್ಟೂ ಗೋಡೆ ಕುಸಿಯದಂತೆ ಮರದ ಕಂಬಗಳ ಆಸರೆ ಕೊಡಬೇಕು. ಸಾಕಷ್ಟು ಟೊಳ್ಳಾದ ಮೇಲೆ ಸೌದೆ, ಪುಳ್ಳೆ ತುಂಬಿ ಬೆಂಕಿ ಇಡಬೇಕು. ಕಂಬ ಸುಟ್ಟು ಹೋದಾಗ ಗೋಡೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಗೋಪುರ ಎತ್ತರವಾಗಿದ್ದಷ್ಟೂ ಒಳಗಿನವರಿಗೆ ಧೈರ್ಯ ಜಾಸ್ತಿ, ಆದರೆ ಬುಡ ಟೊಳ್ಳಾದರೆ ಆ ಎತ್ತರವೇ ಶತ್ರುವಿನ ಕೆಲಸ ಮಾಡಿಕೊಡುತ್ತದೆ. ಕಷ್ಟ ಇರುವುದು ಬೆಂಕಿಯಲ್ಲಿ. ಗಾಳಿ ಕಡಿಮೆ ಇರುವ ಗುಂಡಿಯಲ್ಲಿ ದಪ್ಪ ಕಂಬಗಳು ಸುಲಭವಾಗಿ ಹೊತ್ತುವುದಿಲ್ಲ. ಅದಕ್ಕೇ ನವೆಂಬರ್ 25ರಂದು ಜಾನ್ ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಪತ್ರ ಬರೆದ: ತಿನ್ನಲು ಅಷ್ಟು ಯೋಗ್ಯವಲ್ಲದ, ಚೆನ್ನಾಗಿ ಕೊಬ್ಬಿದ 40 ಹಂದಿ ಕಳಿಸು, ಗೋಪುರದ ಕೆಳಗೆ ಬೆಂಕಿ ಇಡಬೇಕು. ಹಂದಿಯ ಕೊಬ್ಬು ಧಗಧಗ ಉರಿಯಿತು. ಒಂದು ಮೂಲೆ ಪೂರ್ತಿ ಕುಸಿಯಿತು.

ಇಲ್ಲಿ ಎರಡು ವಿಷಯ ಬರೆದಿಟ್ಟುಕೊಳ್ಳಿ. ಮೊದಲನೆಯದು, ಮೂಲೆಯನ್ನೇ ಯಾಕೆ ಆರಿಸಿದರು? ಚೌಕ ಮೂಲೆಗೆ ಎರಡು ಕಡೆಯಿಂದ ಕೈ ಹಾಕಬಹುದು, ಮೂಲೆಗಲ್ಲನ್ನು ಮೀಟಿ ತೆಗೆಯುವುದು ಸುಲಭ. ಅದಕ್ಕಿಂತ ದೊಡ್ಡ ಕಾರಣ, ಮೂಲೆಯ ನೇರ ಮುಂದಿನ ಜಾಗ ಒಳಗಿನ ಬಿಲ್ಲುಗಾರನ ಕಣ್ಣಿಗೆ ಬೀಳುವುದಿಲ್ಲ. ದುಂಡು ಗೋಡೆಯಲ್ಲಿ ಹೀಗೆ ಅಡಗಲು ಜಾಗ ಕಡಿಮೆ, ಕಲ್ಲುಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಎರಡನೆಯದು, ಮೂಲೆ ಬಿದ್ದ ಕೂಡಲೇ ಕೋಟೆ ಸೋಲಲಿಲ್ಲ. ಗೋಪುರದ ನಡುವೆ ಒಂದು ಅಡ್ಡಗೋಡೆ ಇತ್ತು. ಒಳಗಿನವರು ಅದರ ಆಚೆಗೆ ಸರಿದು ಕಾದಾಡಿದರು. ಕೊನೆಗೆ ಅವರನ್ನು ಮಣಿಸಿದ್ದು ಹಸಿವು. ಆಗಲೇ ಕುದುರೆಗಳನ್ನು ತಿಂದು ಮುಗಿಸಿದ್ದರು. ನವೆಂಬರ್ 30ಕ್ಕೆ ಶರಣಾದರು. ಜಾನ್‌ನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಆ ಮೂಲೆಯನ್ನು ದುಂಡಗೆ ಕಟ್ಟಲಾಯಿತು.

ಹಂದಿ ಕಳಿಸೆಂಬ ಪತ್ರ ಯಾರಿಗೆ ಹೋಯಿತೋ, ಅದೇ ಹ್ಯೂಬರ್ಟ್ ಮರುವರ್ಷ ಡೋವರ್ ಕೋಟೆಯ ಒಳಗಿದ್ದ. ಈಗ ಸುರಂಗ ತೋಡುವವರು ಹೊರಗೆ, ಅವನು ಒಳಗೆ! 1216ರಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿ ಉತ್ತರದ ಹೆಬ್ಬಾಗಿಲಿನ ಕಡೆಯಿಂದ ಬಂದ. ಅಲ್ಲಿ ನೆಲ ಎತ್ತರ, ಕೆಳಗೆ ಸೀಮೆಸುಣ್ಣದಂಥ ಮೆತ್ತನೆ ಕಲ್ಲು. ಅಗೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಬಾಗಿಲಿನ ಎರಡು ಗೋಪುರಗಳಲ್ಲಿ ಒಂದು ಬಿತ್ತು. ಫ್ರೆಂಚರು ನುಗ್ಗಿದರು. ಹ್ಯೂಬರ್ಟ್‌ನ ಜನ ಅವರನ್ನು ಹೊರದಬ್ಬಿ, ಬಿರುಕಿಗೆ ಮರದ ದಿಮ್ಮಿಗಳನ್ನು ಒಟ್ಟಿ ಮುಚ್ಚಿದರು. ಕೋಟೆ ಉಳಿಯಿತು.

ಯುದ್ಧ ಮುಗಿದ ಮೇಲೆ ಆದ ರಿಪೇರಿ ನನಗೆ ತುಂಬಾ ಇಷ್ಟ. ಆ ಬಾಗಿಲನ್ನು ಮೊದಲಿನಂತೆ ಕಟ್ಟಲೇ ಇಲ್ಲ, ಪೂರ್ತಿ ಮುಚ್ಚಿಬಿಟ್ಟರು. ಅದರ ಮುಂದೆ ಕಂದಕದಲ್ಲೇ ಒಂದು ಗೋಪುರ ಎಬ್ಬಿಸಿದರು. ಒಳಗಿನಿಂದ ಹೊರಗಿನ ಕಾವಲಿಗೆ ಹೋಗಲು ಅದೇ ಮೆತ್ತನೆ ಕಲ್ಲಿನಲ್ಲಿ ನೆಲದಡಿ ದಾರಿ ಕೊರೆದರು. ಹೊಸ ಹೆಬ್ಬಾಗಿಲು ಪಶ್ಚಿಮಕ್ಕೆ ಹೋಯಿತು, ಕಡಿದಾದ ಇಳಿಜಾರಿನ ನೆತ್ತಿಗೆ. ಅಲ್ಲಿ ಯಂತ್ರ ನಿಲ್ಲಿಸಲು ಸಮತಟ್ಟು ಜಾಗವೇ ಇಲ್ಲ.

ಏಳು ಸುತ್ತಿನ ಕೋಟೆ ಅಂದರೆ ನಮಗೆ ಚಿತ್ರದುರ್ಗ. ಸುತ್ತುಗಳಿಂದ ಏನು ಲಾಭ ಅನ್ನೋದನ್ನು ಫ್ರಾನ್ಸಿನ ಕಾರ್ಕಸೋನ್ ಪಟ್ಟಣದ ಒಂದು ಪತ್ರ ಚೆನ್ನಾಗಿ ತೋರಿಸುತ್ತದೆ. 1240ರಲ್ಲಿ ಊರಿನ ಹಳೆಯ ಒಡೆಯರ ಮನೆತನದ ಟ್ರೆಂಕವೆಲ್ ಮುತ್ತಿಗೆ ಹಾಕಿದ್ದ. ರಾಜನ ಅಧಿಕಾರಿ ಗಿಯೋಮ್ ದೆಸ್ ಓರ್ಮ್ ಆಮೇಲೆ ವರದಿ ಕಳಿಸಿದ. ಬಾಗಿಲ ಮುಂದಿನ ಹೊರಕಾವಲಿನ ಕಟ್ಟಡದ ಕೆಳಗೆ ಅಗೆಯುವ ಸದ್ದು ಕೇಳಿಸಿತು. ಒಳಗಿನವರು ತಾವೂ ಎದುರು ಸುರಂಗ ತೋಡಿದರು. ಜೊತೆಗೆ ಆ ಕಟ್ಟಡದ ನಡುವೆ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಗಟ್ಟಿ ಗೋಡೆ ಎಬ್ಬಿಸಿದರು. ಶತ್ರು ಬೆಂಕಿ ಇಟ್ಟಾಗ ಮುಂಭಾಗ ಬಿತ್ತು, ಹಿಂದಿನ ಅರ್ಧ ಉಳಿಯಿತು. ಬೇರೆ ಕಡೆಯೂ ಇದೇ ಆಟ ನಡೆಯಿತು. ಒಂದು ಪದರ ಬೀಳುವಷ್ಟರಲ್ಲಿ ಹಿಂದೆ ಇನ್ನೊಂದು ಸಿದ್ಧ. ನೋಡಿ, ಪದರಗಳು ಕೊಡುವುದು ಸಮಯ. ಒಂದು ತಿಂಗಳೊಳಗೆ ರಾಜನ ಸೈನ್ಯ ಬರುವ ಸುದ್ದಿ ಬಂತು, ಮುತ್ತಿಗೆ ಎದ್ದುಹೋಯಿತು.

ಮುತ್ತಿಗೆ ಹಾಕಿದವರಿಗೆ ಗೋಡೆಯ ಪಕ್ಕದ ಹೊರಕೇರಿಯ ಮನೆಗಳು ಒಳ್ಳೆ ಮರೆಯಾಗಿದ್ದವು. ಗೆದ್ದ ಮೇಲೆ ರಾಜನ ಕಡೆಯವರು ಆ ಕೇರಿಗಳನ್ನೇ ನೆಲಸಮ ಮಾಡಿದರು. 1247ರಲ್ಲಿ ಅಲ್ಲಿನ ಜನರಿಗೆ ನದಿಯ ಆಚೆ ಹೊಸ ಊರು ಕಟ್ಟಿಕೊಳ್ಳಲು ಅನುಮತಿ ಸಿಕ್ಕಿತು. ಇಂದಿಗೂ ಕಾರ್ಕಸೋನ್ ಎರಡು ಊರಾಗಿರುವುದು ಇದರಿಂದಲೇ. ಮುಂದೆ ಕಟ್ಟಿದ ನಾರ್ಬೋನ್ ಬಾಗಿಲಿನ ಗೋಪುರಗಳಿಗೆ ಮುಂದೆ ಹಕ್ಕಿಯ ಕೊಕ್ಕಿನಂತೆ ಚೂಪು ಕಲ್ಲುಗಟ್ಟು ಇದೆ. ಬುಡಕ್ಕೆ ಬಂದವನು ಅದನ್ನು ಪೂರ್ತಿ ಅಗೆದು ತೆಗೆದ ಮೇಲೇ ಗೋಪುರದ ನಿಜವಾದ ಗೋಡೆ ಸಿಗುವುದು.

ಸುರಂಗಕ್ಕೆ ಪೂರ್ತಿ ತಡೆ ಅಂದರೆ ಬಂಡೆ, ಇಲ್ಲವೇ ನೀರು. ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯವರು ಹಳ್ಳಕ್ಕೆ ಒಡ್ಡು ಕಟ್ಟಿ ಮೂರು ಕಡೆ ಕೆರೆಯಂಥ ನೀರು ನಿಲ್ಲಿಸಿದ್ದರು. ನೀರಿನ ಕೆಳಗೆ ಅಗೆದರೆ ಗುಂಡಿಯೇ ಮುಳುಗುತ್ತದೆ, ದಡ ದೂರವಾದ್ದರಿಂದ ಯಂತ್ರಗಳೂ ಹತ್ತಿರ ಬರಲಾಗದು. 1266ರಲ್ಲಿ ಮುತ್ತಿಗೆ ಹಾಕಿದ ರಾಜಸೈನ್ಯ ದೋಣಿ ತರಿಸಿ ನೋಡಿತು, ಅದೂ ಆಗಲಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ಕೋಟೆ ನಿಂತಿತು. ಶರಣಾದಾಗ ಗೋಡೆಗಳು ಗಟ್ಟಿಯಾಗಿಯೇ ಇದ್ದವು. ಒಳಗೆ ಊಟ ಮುಗಿದಿತ್ತು, ಕಾಯಿಲೆ ಹರಡಿತ್ತು.