ಹಬ್ಬದ ನೋಟು ಯಾರ ಖಾತೆಯಿಂದ ಬರುತ್ತದೆ?

ದೀಪಾವಳಿ ಹತ್ತಿರ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಬ್ಬಕ್ಕೆ ದುಡ್ಡು ಸಾಲದಿದ್ದರೆ ರಿಸರ್ವ್ ಬ್ಯಾಂಕಿಗೇನು ಕಷ್ಟ, ಮೈಸೂರಿನ ಮುದ್ರಣಾಲಯದಲ್ಲಿ ಇನ್ನಷ್ಟು ನೋಟು ಅಚ್ಚು ಹಾಕಿದರಾಯಿತು. ಮೈಸೂರಿನಲ್ಲಿ ನೋಟು ಅಚ್ಚಾಗುವುದು ನಿಜ. ಆದರೆ ಅಚ್ಚಾಗಿ ಪೆಟ್ಟಿಗೆಯಲ್ಲಿ ಕುಳಿತ ನೋಟು ಇನ್ನೂ ಬರೀ ಕಾಗದ. ಯಾರದೋ ಖಾತೆಯಲ್ಲಿ ಅಷ್ಟು ಮೊತ್ತ ಕಡಿಮೆಯಾದಾಗಲೇ ಅದು ಹಣವಾಗಿ ಹೊರಬರುತ್ತದೆ.

ನೀವು ಎಟಿಎಂನಿಂದ 10,000 ರೂಪಾಯಿ ತೆಗೆದಿರಿ ಎನ್ನೋಣ. ನಿಮ್ಮ ಖಾತೆಯಲ್ಲಿ ಅಷ್ಟು ಕಡಿಮೆಯಾಯಿತು, ಯಂತ್ರವೂ ಅಷ್ಟು ಬರಿದಾಯಿತು. ಅದನ್ನು ತುಂಬಲು ಬ್ಯಾಂಕು ಕರೆನ್ಸಿ ಚೆಸ್ಟ್‌ನಿಂದ ನೋಟು ತರಿಸುತ್ತದೆ. ಈ ಚೆಸ್ಟ್ ಇರುವುದು ಯಾವುದೋ ಬ್ಯಾಂಕಿನ ಶಾಖೆಯಲ್ಲೇ ಆದರೂ ಅದರೊಳಗಿನ ನೋಟು ರಿಸರ್ವ್ ಬ್ಯಾಂಕಿನದು. ನೋಟು ಚೆಸ್ಟ್ ದಾಟಿದೊಡನೆ, ರಿಸರ್ವ್ ಬ್ಯಾಂಕಿನಲ್ಲಿರುವ ಆ ಬ್ಯಾಂಕಿನ ಖಾತೆಗೆ 10,000 ರೂಪಾಯಿ ಖರ್ಚು ಬೀಳುತ್ತದೆ. ಆದರೆ ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ಇದೇ ಖಾತೆಯಲ್ಲಿ ಇಟ್ಟಿರಲೇಬೇಕು. ಈ ನಗದು ಮೀಸಲು ಅನುಪಾತವನ್ನು ಶೇ. 3 ಎಂದು ಹಿಡಿಯೋಣ. ಠೇವಣಿ 10,000 ಇಳಿದದ್ದರಿಂದ ಇಡಬೇಕಾದ ಮೀಸಲು 300 ರೂಪಾಯಿಯಷ್ಟು ಇಳಿಯುತ್ತದೆ. ಖಾತೆಯಿಂದ ಹೋದದ್ದು ಮಾತ್ರ ಪೂರ್ತಿ 10,000. ಉಳಿದ 9,700 ಕೊರತೆ. ಆ 300ರ ರಿಯಾಯಿತಿಯೂ ತಕ್ಷಣ ಸಿಗುವುದಿಲ್ಲ, ಏಕೆಂದರೆ ಮೀಸಲನ್ನು ಲೆಕ್ಕ ಹಾಕುವುದು ಎರಡು ಪಾಕ್ಷಿಕಗಳ ಹಿಂದಿನ ಠೇವಣಿಯ ಮೇಲೆ.

ಅದೇ ಹತ್ತು ಸಾವಿರವನ್ನು ಯುಪಿಐ ಮೂಲಕ ಜವಳಿ ಅಂಗಡಿಗೆ ಕೊಟ್ಟಿದ್ದರೆ? ನಿಮ್ಮ ಬ್ಯಾಂಕಿನ ಮೀಸಲು ಅಂಗಡಿಯವರ ಬ್ಯಾಂಕಿಗೆ ಹೋಗುತ್ತಿತ್ತು. ಒಟ್ಟು ಮೊತ್ತ ಕದಲುತ್ತಿರಲಿಲ್ಲ. ನೋಟಾದರೆ ಹಾಗಲ್ಲ, ಅದು ಎಲ್ಲ ಬ್ಯಾಂಕುಗಳ ಒಟ್ಟು ಕೊಳದಿಂದಲೇ ಹೊರಗೆ ಹೋಗುತ್ತದೆ. ಕೋಟ್ಯಂತರ ಜನ ಒಂದೇ ವಾರದಲ್ಲಿ ನೋಟು ತೆಗೆದಾಗ ಬ್ಯಾಂಕುಗಳು ಪರಸ್ಪರ ಸಾಲ ಕೊಟ್ಟುಕೊಂಡು ಈ ಕೊರತೆ ನೀಗಿಸಲಾರವು. ಮೀಸಲು ಹಣವನ್ನು ಹೊಸದಾಗಿ ಹುಟ್ಟಿಸಬಲ್ಲದ್ದು ರಿಸರ್ವ್ ಬ್ಯಾಂಕ್ ಒಂದೇ.

ಅದು ಹುಟ್ಟಿಸುವ ಬಗೆ ರೆಪೊ. ಒಡವೆ ಅಡವಿಟ್ಟು ಸಾಲ ತಂದು, ಅವಧಿ ಮುಗಿದಾಗ ಬಡ್ಡಿ ಸಮೇತ ತೀರಿಸಿ ಬಿಡಿಸಿಕೊಳ್ಳುವ ವ್ಯವಹಾರವೇ ಇದು. ಒಡವೆಯ ಜಾಗದಲ್ಲಿ ಸರ್ಕಾರಿ ಸಾಲಪತ್ರ. ಇಷ್ಟು ಸಾವಿರ ಕೋಟಿ, ಒಂದು ರಾತ್ರಿಗೋ ಮೂರು ದಿನಕ್ಕೋ ಏಳು ದಿನಕ್ಕೋ ಎಂದು ರಿಸರ್ವ್ ಬ್ಯಾಂಕ್ ಹರಾಜು ಸಾರುತ್ತದೆ. ಬ್ಯಾಂಕುಗಳು ರೆಪೊ ದರಕ್ಕಿಂತ ಕಡಿಮೆಯಿಲ್ಲದಂತೆ ಬಡ್ಡಿ ಕೂಗುತ್ತವೆ, ಹೆಚ್ಚು ಕೂಗಿದವರಿಗೆ ಮೊದಲು ಹಣ. ಹರಾಜಿನಲ್ಲಿ ಸಿಗದವರಿಗೂ ಬಾಗಿಲು ಮುಚ್ಚಿಲ್ಲ: ರೆಪೊ ದರಕ್ಕಿಂತ ಕಾಲು ಶೇಕಡಾ ಹೆಚ್ಚು ತೆತ್ತರೆ ಒಂದು ರಾತ್ರಿಗೆ ಸಾಲ ಸಿಗುತ್ತದೆ. ಹಣ ಹೆಚ್ಚಾದವರು ಕಾಲು ಶೇಕಡಾ ಕಡಿಮೆ ಬಡ್ಡಿಗೆ ಅದನ್ನು ರಿಸರ್ವ್ ಬ್ಯಾಂಕಿನಲ್ಲೇ ಇಡಬಹುದು. ಬ್ಯಾಂಕುಗಳ ನಡುವಿನ ರಾತ್ರಿ ಸಾಲದ ದರ ಈ ಎರಡು ಗೆರೆಗಳ ನಡುವೆ ಆಡುತ್ತದೆ. ಅದು ದಿನಗಟ್ಟಲೆ ಮೇಲಿನ ಗೆರೆಗೆ ಅಂಟಿಕೊಂಡಿದೆಯೆಂದರೆ ಹರಾಜಿನ ಮೊತ್ತ ಸಾಲುತ್ತಿಲ್ಲ ಎಂದೇ ತಿಳಿಯಬೇಕು.

ಇದು ಹೊಸ ತಲೆನೋವೇನಲ್ಲ. ಬ್ರಿಟಿಷರ ಕಾಲದಲ್ಲಿ ಹತ್ತಿ, ಸೆಣಬು, ಧಾನ್ಯದ ಖರೀದಿ ಶುರುವಾದೊಡನೆ ಪಟ್ಟಣದ ನಗದು ಹಳ್ಳಿಗಳಿಗೆ ಹೋಗುತ್ತಿತ್ತು, ಬಡ್ಡಿ ಏರುತ್ತಿತ್ತು. ಮಳೆಗಾಲದಲ್ಲಿ ಎರಡೂ ಇಳಿಯುತ್ತಿದ್ದವು. 1920ರ ದಶಕದಲ್ಲಿ, ಇಂದಿನ ಸ್ಟೇಟ್ ಬ್ಯಾಂಕಿನ ಪೂರ್ವರೂಪವಾದ ಇಂಪೀರಿಯಲ್ ಬ್ಯಾಂಕ್, ಇಂಥ ದಿನ ಹಣ ಕೊಡಬೇಕೆಂದು ವರ್ತಕರು ಬರೆದ ಹುಂಡಿ ಎಂಬ ಪತ್ರಗಳ ಆಧಾರದ ಮೇಲೆ ಸರ್ಕಾರದಿಂದ 12 ಕೋಟಿ ರೂಪಾಯಿವರೆಗೆ ತಾತ್ಕಾಲಿಕ ನೋಟು ಪಡೆಯಬಹುದಿತ್ತು. ಹುಂಡಿ ತೀರಿದಂತೆ ನೋಟು ಹಿಂದಕ್ಕೆ. 1935ರಲ್ಲಿ ರಿಸರ್ವ್ ಬ್ಯಾಂಕ್ ಬಂದ ಮೇಲೂ ದಶಕಗಳ ಕಾಲ ಅದರ ಸಾಲ ನೀತಿ ಈ ಎರಡು ಋತುಗಳ ಲೆಕ್ಕದಲ್ಲೇ ನಡೆಯಿತು.

ರೆಪೊ ಸಾಲದ ಅವಧಿ ಇಷ್ಟು ಚಿಕ್ಕದೇಕೆ ಎಂದರೆ, ಪಟಾಕಿ, ಬಟ್ಟೆ, ಸಿಹಿತಿಂಡಿಗೆ ಕೊಟ್ಟ ನೋಟಿನಲ್ಲಿ ಬಹುಪಾಲನ್ನು ವ್ಯಾಪಾರಿಗಳು ಕೆಲವೇ ವಾರಗಳಲ್ಲಿ ಬ್ಯಾಂಕಿಗೆ ಕಟ್ಟುತ್ತಾರೆ. ಮರಳಿ ಬರುವ ಹಣಕ್ಕೆ ಬದಲಾಗಿ ರಿಸರ್ವ್ ಬ್ಯಾಂಕ್ ಸಾಲಪತ್ರಗಳನ್ನೇ ಕಾಯಂ ಆಗಿ ಕೊಂಡಿದ್ದರೆ ಹಬ್ಬ ಕಳೆದ ಮೇಲೆ ಮೀಸಲು ತುಂಬಿ ತುಳುಕಿ, ರಾತ್ರಿ ಸಾಲದ ದರ ಕೆಳಗಿನ ಗೆರೆಗೆ ಕುಸಿಯುತ್ತಿತ್ತು. ಹಾಗೆಂದು ಎಲ್ಲ ನೋಟೂ ಮರಳುವುದಿಲ್ಲ. ವರ್ಷದಿಂದ ವರ್ಷಕ್ಕೆ ಜನರ ಕೈಯಲ್ಲಿ ಉಳಿಯುವ ನಗದು ಬೆಳೆಯುತ್ತಲೇ ಇದೆ. ಆ ಪಾಲಿಗೆ ಏಳು ದಿನದ ಸಾಲವನ್ನು ಮತ್ತೆ ಮತ್ತೆ ಹೊಸದು ಮಾಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಸಾಲಪತ್ರ ಖರೀದಿಯೇ ಸರಿ. ರಿಸರ್ವ್ ಬ್ಯಾಂಕ್ ವಾರವಾರವೂ ಪ್ರಕಟಿಸುವ ಪಟ್ಟಿಯಲ್ಲಿ ಚಲಾವಣೆಯ ನೋಟಿನ ಮೊತ್ತ ಹಬ್ಬದ ನಂತರ ಎಷ್ಟು ಇಳಿಯಿತು ಎಂದು ನೋಡಿದರೆ ಯಾವುದು ಎಷ್ಟು ಎಂಬ ಅಂದಾಜು ಸಿಗುತ್ತದೆ.

ಹಬ್ಬದ ವಾರದ ಬಿಗಿತವೆಲ್ಲ ಹಬ್ಬದ್ದೇ ಎನ್ನುವುದೂ ಆತುರದ ಮಾತು. 2022ರ ದೀಪಾವಳಿ ಅಕ್ಟೋಬರ್ 24ಕ್ಕೆ ಬಂತು. ಜಿಎಸ್‌ಟಿ ಕಟ್ಟುವ ದಿನ 20. ತೆರಿಗೆ ಹಣವೂ ಬ್ಯಾಂಕುಗಳ ಮೀಸಲಿನಿಂದ ಹೊರಟು ರಿಸರ್ವ್ ಬ್ಯಾಂಕಿನಲ್ಲಿರುವ ಸರ್ಕಾರದ ಖಾತೆಯಲ್ಲಿ ಕೂರುತ್ತದೆ. ಆ ವಾರ ಬ್ಯಾಂಕುಗಳು ಕೊರತೆ ಕಂಡವು. ಆದರೆ ದೀಪಾವಳಿಯ ವಾರದಲ್ಲಿ ಚಲಾವಣೆಯ ನೋಟು ಏರುವ ಬದಲು ಸುಮಾರು 7,600 ಕೋಟಿ ರೂಪಾಯಿ ಇಳಿದಿತ್ತು ಎಂದು ಸ್ಟೇಟ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ತೋರಿಸಿದರು. ಡಿಜಿಟಲ್ ಪಾವತಿಯ ಪರಿಣಾಮ ಎಂಬುದು ಅವರ ವಿವರಣೆ. ಒಂದು ವಾರದ ಅಂಕಿಯ ಮೇಲೆ ಅಷ್ಟು ಭಾರ ಹೇರಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಜನ ಹಿಂದಿನ ವಾರಗಳಲ್ಲೇ ನೋಟು ತೆಗೆದಿಟ್ಟಿರಬಹುದು. ತೆರಿಗೆಯಾಗಿ ಹೋದ ಹಣವಂತೂ ಸರ್ಕಾರ ತಿಂಗಳ ಕೊನೆಯಲ್ಲಿ ಸಂಬಳ, ಪಿಂಚಣಿ ಕೊಟ್ಟಾಗ ಬ್ಯಾಂಕುಗಳಿಗೆ ಮರಳಲು ಶುರುವಾಗುತ್ತದೆ. ಆದ್ದರಿಂದ ಹರಾಜಿನ ಅವಧಿ ಗೊತ್ತುಮಾಡುವವರು ನೋಡಬೇಕಾದ ಪಂಚಾಂಗ ಎರಡು, ಒಂದು ಹಬ್ಬದ್ದು, ಇನ್ನೊಂದು ತೆರಿಗೆಯದು.