ಚೀನೀ ಅಕ್ಷರಗಳ ನಡುವಿನ ಅಂಕಿಗಳು

ಫೋನಿನ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಂಡರೂ ಅಪ್‌ಡೇಟಿನ ವಿವರ ಮಾತ್ರ ಚೀನೀ ಭಾಷೆಯಲ್ಲೇ ಬರುವುದುಂಟು. ಮೆನು, ಬಟನ್‌ಗಳ ಹೆಸರೆಲ್ಲ ಫೋನಿನೊಳಗೇ ಇರುತ್ತವೆ. ಅಪ್‌ಡೇಟಿನ ವಿವರ ಹಾಗಲ್ಲ, ಅದು ಕಂಪನಿಯ ಸರ್ವರಿನಿಂದ ಇಳಿದು ಬರುತ್ತದೆ. ಚೀನಾದ ಗಿರಾಕಿಗೆಂದು ತಯಾರಾದ ಫೋನಿಗೆ ಅದನ್ನು ಚೀನೀ ಭಾಷೆಯಲ್ಲಿ ಮಾತ್ರ ಬರೆದು ಬಿಟ್ಟಿರುತ್ತಾರೆ.

ಹುಬ್ಬಳ್ಳಿಯ ನಮ್ಮ ಓಣಿಯ ಹುಡುಗನೊಬ್ಬನ ಬಳಿ ಅಂಥ ಫೋನಿದೆ. ಚೀನಾಕ್ಕೆ ವ್ಯಾಪಾರಕ್ಕೆ ಹೋಗಿ ಬಂದವರು ಮಾರಿದ ಶಾವೊಮಿ 13. ‘ಕಾಕಾ, ಇದನ್ನ ಒತ್ಲ್ಯೋ ಬ್ಯಾಡೋ?’ ಅಂತ ತೋರಿಸಿದ. ಪರದೆಯ ತುಂಬ ಚೀನೀ ಅಕ್ಷರ, ಆದರೆ ತೀರ್ಮಾನಕ್ಕೆ ಬೇಕಾದದ್ದು ಬಹುಪಾಲು ಅಂಕಿ ಮತ್ತು ರೋಮನ್ ಅಕ್ಷರಗಳಲ್ಲೇ ಇತ್ತು.

ನಾನು ಮೊದಲು ನೋಡಿದ್ದು ಆವೃತ್ತಿಯ ಹೆಸರಿನ ಕೊನೆಯ ಏಳು ಅಕ್ಷರಗಳನ್ನು. ಅವನ ಫೋನಿನಲ್ಲಿ ಆಗ ಇದ್ದದ್ದು `TMCCNXM`, ಬಂದಿದ್ದ ಅಪ್‌ಡೇಟಿನದು `UMCCNXM`. ಈ ಕಂಪನಿಯ ಪದ್ಧತಿಯಲ್ಲಿ ಮೊದಲ ಅಕ್ಷರ ಆಂಡ್ರಾಯ್ಡ್ ಆವೃತ್ತಿಯದು: T ಅಂದರೆ 13, U ಅಂದರೆ 14. ಮುಂದಿನ ಎರಡು ಫೋನಿನ ಮಾದರಿಗೆ, ಅದರ ಮುಂದಿನ ಎರಡು ಯಾವ ಪ್ರದೇಶಕ್ಕೆ ಎಂಬುದಕ್ಕೆ. CN ಚೀನಾ, IN ಭಾರತ, MI ಬೇರೆ ದೇಶಗಳಿಗೆ ಸಾಮಾನ್ಯವಾಗಿ ಕೊಡುವಂಥದ್ದು. ಇಲ್ಲಿ ಎರಡೂ ಕಡೆ CN ಇತ್ತು, ಹಾಗಾಗಿ ಸಮಾಧಾನ. ಪೆಟ್ಟಿಗೆಯ ಮೇಲೆ ಚೀನಾ ಮಾದರಿ ಎಂದಿದ್ದು ಪರದೆಯಲ್ಲಿ MI ಕಂಡಿದ್ದರೆ ನಾನು ಒತ್ತಬೇಡ ಅನ್ನುತ್ತಿದ್ದೆ. ಯಾರೋ ನಡುವೆ ಬೇರೆ ಪ್ರದೇಶದ ಸಾಫ್ಟ್‌ವೇರ್ ಕೂಡಿಸಿದ್ದಾರೆ ಎಂದರ್ಥ. ಅಂಥ ಫೋನು ಅಪ್‌ಡೇಟ್ ಆದ ಮೇಲೆ ತೆರೆದುಕೊಳ್ಳದೆ ನಿಂತುಬಿಡಬಹುದು.

T ಹೋಗಿ U ಬರುತ್ತದೆ ಎಂದರೆ ಇದು ಬರೀ ತೇಪೆ ಹಚ್ಚುವ ಕೆಲಸವಲ್ಲ, ವ್ಯವಸ್ಥೆಯೇ ಬದಲಾಗುತ್ತದೆ. ಒಮ್ಮೆ ಮೇಲೆ ಹೋದರೆ ಫೋಟೊ, ಸಂದೇಶಗಳನ್ನು ಉಳಿಸಿಕೊಂಡು ಹಿಂದಿನ ಆವೃತ್ತಿಗೆ ಇಳಿಯುವ ದಾರಿ ಸಾಮಾನ್ಯ ಬಳಕೆದಾರನಿಗಿಲ್ಲ. ಆದ್ದರಿಂದ ಮೊದಲು ಫೋಟೊಗಳು ಲ್ಯಾಪ್‌ಟಾಪಿಗೆ ಹೋಗಲಿ ಅಂದೆ.

ವಿವರದಲ್ಲಿ ಮತ್ತೊಂದು ಕಡೆ `2024年3月` ಎಂದಿತ್ತು. ಇಸವಿ ಮೊದಲು, ತಿಂಗಳು ಆಮೇಲೆ. ಇದು ಭದ್ರತಾ ತೇಪೆಯ ತಿಂಗಳು. ನಮ್ಮ ಫೋನಿನಲ್ಲಿ ಈಗಿರುವುದು ಯಾವುದು ಎಂಬುದು ‘ಅಬೌಟ್ ಫೋನ್’ ಒಳಗೆ ದಿನಾಂಕದ ರೂಪದಲ್ಲಿ ಸಿಗುತ್ತದೆ. ಅವನದು `2023-08-01`. ಏಳು ತಿಂಗಳ ಅಂತರ. ಈ ಫೋನಿನಲ್ಲೇ ಅವನು ಯುಪಿಐ ಹಣ ಕಳಿಸುವುದರಿಂದ ಇಷ್ಟು ಅಂತರವಿದ್ದಾಗ ನಾನು ಹಾಕಿಕೊಳ್ಳುವ ಕಡೆಗೇ ವಾಲುತ್ತೇನೆ. ಒಂದೇ ತಿಂಗಳ ಅಂತರವಾಗಿದ್ದರೆ ವಾರ ಕಾಯಿ ಅನ್ನುತ್ತಿದ್ದೆ.

ಇನ್ನು ಜಾಗ. ಜನ ಹೆಚ್ಚು ಎಡವುವುದು ಇಲ್ಲೇ. ಪರದೆಯಲ್ಲಿ 4.9 GB ಎಂದಿತ್ತು, ಖಾಲಿ ಇದ್ದದ್ದು 7 ಜಿಬಿ. ‘ಸಾಕಲ್ಲ?’ ಅಂದ ಅವನು. ಸಾಲದು. 4.9 ಎಂಬುದು ಇಳಿಸಿಕೊಳ್ಳುವ ಕಟ್ಟಿನ ತೂಕ ಮಾತ್ರ. ಈಚಿನ ಆಂಡ್ರಾಯ್ಡ್ ಫೋನುಗಳು ಹಳೆಯ ವ್ಯವಸ್ಥೆಯನ್ನು ಕೂಡಲೇ ಅಳಿಸುವುದಿಲ್ಲ. ಬದಲಾಗುವ ಭಾಗಗಳನ್ನೆಲ್ಲ ಬೇರೆ ಕಡೆ ಬರೆದಿಟ್ಟು, ಮರುಚಾಲನೆಯಾದಾಗ ಹೊಸದರಿಂದ ಏಳಲು ನೋಡುತ್ತವೆ. ಮನೆ ಕಟ್ಟಿಸುವಾಗ ಹಳೇ ಮನೆಯಲ್ಲೇ ಇದ್ದು ಹಿತ್ತಲಲ್ಲಿ ಹೊಸದು ಎಬ್ಬಿಸಿದ ಹಾಗೆ. ವ್ಯವಸ್ಥೆಗೆಂದು ಮೀಸಲಿಟ್ಟ ಜಾಗ ಸಾಲದಿದ್ದರೆ ಆ ಹಿತ್ತಲು ನಿಮ್ಮ ಫೋಟೊ, ವಿಡಿಯೊ ಇರುವ ಜಾಗದಲ್ಲೇ. ಕಟ್ಟನ್ನು ಪೂರ್ತಿ ಇಳಿಸಿಕೊಂಡು ಬಿಚ್ಚುವ ಫೋನಿನಲ್ಲಿ ಅದರದೊಂದು ಜಾಗ, ಬರೆದಿಟ್ಟ ಭಾಗಗಳದೊಂದು ಜಾಗ ಎಂದು ಎರಡೂ ಒಟ್ಟಿಗೆ ಬೇಕು. ಹಾಗಾಗಿ 12 ಜಿಬಿ ಖಾಲಿ ಮಾಡು ಅಂದೆ. ಇದು ನನ್ನ ಧಾರಾಳದ ಲೆಕ್ಕ. ಫೋನು ಇದಕ್ಕಿಂತ ಕಡಿಮೆ ಕೇಳಬಹುದು.

ಜಾಗ ಹುಡುಕಲು ದೂರ ಹೋಗಬೇಕಾಗಲಿಲ್ಲ. ವಾಟ್ಸ್ಯಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿದರೆ ದೊಡ್ಡ ಫೈಲುಗಳನ್ನೆಲ್ಲ ಮೇಲೆಯೇ ಪಟ್ಟಿ ಮಾಡಿ ತೋರಿಸುತ್ತದೆ. ಮದುವೆ ಮೆರವಣಿಗೆ, ಜಾತ್ರೆ ತೇರು, ಒಂದೇ ವಿಡಿಯೊ ಮೂರು ಗುಂಪಿನಿಂದ. ಅಲ್ಲೇ ಬೇಕಾದಷ್ಟು ಸಿಕ್ಕಿತು.

ಹೊಸದರಿಂದ ಎದ್ದ ಮೇಲೆ ಕೆಲಹೊತ್ತು ಫೋನು ಬಿಸಿಯಾಗಿ ನಿಧಾನವಾಗಿರುತ್ತದೆ. ಬರೆದಿಟ್ಟ ಭಾಗಗಳನ್ನು ಅದು ಆಗ ಮೂಲ ಜಾಗಕ್ಕೆ ಬೆರೆಸುತ್ತಿರುತ್ತದೆ. ಮಧ್ಯೆ ಚಾರ್ಜು ಮುಗಿದು ಆರಿದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಬೆರಕೆ ಮುಗಿದಾಗ ಆ ಹಿತ್ತಲಿನ ಜಾಗ ಮರಳಿ ಸಿಗುತ್ತದೆ. ಹೊಸದು ಏಳದೇ ಹೋದರೆ ಫೋನು ತಾನಾಗಿ ಹಳೆಯದಕ್ಕೇ ಮರಳುತ್ತದೆ, ಅದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಮಾರನೆಯ ದಿನ ‘ಅಬೌಟ್ ಫೋನ್’ ತೆರೆದು ನೋಡಿ: ಆ ದಿನಾಂಕ ಇನ್ನೂ `2023-08-01` ಎಂದೇ ಇದ್ದರೆ ಅಪ್‌ಡೇಟ್ ಆಗಿಲ್ಲ.